‘ಬಲ್ಲೆ’ ಎಂಬ ಕ್ರಿಯಾಪದದ ಭಾರ: ಸಿಇಎಫ್ಆರ್ ಸ್ವ-ಮೌಲ್ಯಮಾಪನ ಕೋಷ್ಟಕದ ಬಿ1–ಬಿ2 ಗಡಿಯ ಒಂದು ವಿಮರ್ಶೆ

ಸಾರಾಂಶ

ಯುರೋಪಿನ ಸಾಮಾನ್ಯ ಭಾಷಾ ಉಲ್ಲೇಖ ಚೌಕಟ್ಟಿನ ಸ್ವ-ಮೌಲ್ಯಮಾಪನ ಕೋಷ್ಟಕವು ಕಲಿಯುವವರ ಕೈಗೆ ನೇರವಾಗಿ ಸಿಗುವ ಸಾಧನ. ಅದರ ವಾಕ್ಯಗಳ ಕಾಠಿಣ್ಯವನ್ನು ನಿರ್ಧರಿಸಿದ್ದು ಶಿಕ್ಷಕರ ತೀರ್ಪುಗಳಿಂದ. ಅವನ್ನು ಓದಿ ಗುರುತು ಹಾಕುವವರು ಕಲಿಯುವವರು. ಈ ಅಂತರ ಬಿ1 ಮತ್ತು ಬಿ2 ನಡುವಣ ಗಡಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಜರ್ಮನ್ ಕಲಿಯುವ ಕನ್ನಡ ಭಾಷಿಕರೊಬ್ಬರ ನಿದರ್ಶನದ ಮೂಲಕ ಪರಿಶೀಲಿಸಿ, ಮುಂದಿನ ಸ್ತರದ ಗುರಿಯನ್ನು ಕಟ್ಟಿಕೊಳ್ಳುವ ಒಂದು ಕ್ರಮವನ್ನು ಇಲ್ಲಿ ಸೂಚಿಸಿದ್ದೇವೆ.

1. ಕೋಷ್ಟಕವು ಹೇಳುವುದು, ಹೇಳದಿರುವುದು

ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಚೌಕಟ್ಟನ್ನು ಮುಂದೆ ಸಿಇಎಫ್ಆರ್ ಎಂದೇ ಕರೆಯುತ್ತೇವೆ. ಅದರ ಎರಡನೆಯ ಕೋಷ್ಟಕ ಸ್ವ-ಮೌಲ್ಯಮಾಪನಕ್ಕೆಂದೇ ರಚಿತವಾದುದು. ಆಲಿಸುವಿಕೆ, ಓದು, ಮೌಖಿಕ ಸಂವಾದ, ಮೌಖಿಕ ನಿರೂಪಣೆ, ಬರಹ ಎಂಬ ಐದು ವಿಭಾಗಗಳು, ಎ1ರಿಂದ ಸಿ2ರವರೆಗೆ ಆರು ಸ್ತರಗಳು, ಹೀಗೆ ಒಟ್ಟು ಮೂವತ್ತು ಮನೆಗಳು ಅದರಲ್ಲಿವೆ. ಪ್ರತಿ ಮನೆಯ ವಾಕ್ಯಗಳೂ ಉತ್ತಮ ಪುರುಷದಲ್ಲಿದ್ದು, ‘ನಾನು ಇಂಥದ್ದನ್ನು ಮಾಡಬಲ್ಲೆ’ ಎಂಬ ರೂಪದಲ್ಲಿವೆ. 2020ರ ಅನುಬಂಧ ಸಂಪುಟವು ಈ ಕೋಷ್ಟಕಕ್ಕೆ ಲಿಖಿತ ಹಾಗೂ ಆನ್‌ಲೈನ್ ಸಂವಾದವನ್ನೂ ಮಧ್ಯಸ್ಥ ಸಂವಹನವನ್ನೂ ಸೇರಿಸಿತಾದರೂ ಮೂಲ ವಿನ್ಯಾಸವನ್ನು ಬದಲಿಸಲಿಲ್ಲ.

ಇದೇ ಗ್ರಂಥದ ಮೂರನೆಯ ಕೋಷ್ಟಕವು ಮಾತಿನ ಗುಣವನ್ನು ವ್ಯಾಪ್ತಿ, ನಿಖರತೆ, ನಿರರ್ಗಳತೆ, ಸಂವಾದ, ಸಂಬದ್ಧತೆ ಎಂಬ ಐದು ನೆಲೆಗಳಲ್ಲಿ ವಿವರಿಸುತ್ತದೆ. ಎರಡನೆಯ ಕೋಷ್ಟಕ ‘ಏನನ್ನು’ ಮಾಡಲಾಗುತ್ತದೆ ಎಂಬುದನ್ನು ಹೇಳಿದರೆ, ಮೂರನೆಯದು ‘ಎಷ್ಟು ಚೆನ್ನಾಗಿ’ ಎಂಬುದನ್ನು ಹೇಳುತ್ತದೆ. ಎರಡೂ ಕೂಡಿದಾಗಲೇ ಸ್ತರದ ಅರ್ಥ ಪೂರ್ಣವಾಗುವುದು. ಆದರೆ ಬಳಕೆಯಲ್ಲಿ ಅವು ಬೇರ್ಪಟ್ಟಿವೆ. ಮೊದಲನೆಯದು ಕಲಿಯುವವರ ಕೈಗೂ ಎರಡನೆಯದು ಪರೀಕ್ಷಕರ ಕೈಗೂ ಸೇರಿದೆ. ಬಿ2 ಸ್ತರದ ಸಂವಾದದ ಮನೆಯಲ್ಲಿ ಪರಿಚಿತ ಸಂದರ್ಭಗಳ ಚರ್ಚೆಯಲ್ಲಿ ಸಕ್ರಿಯವಾಗಿ ಭಾಗವಹಿಸಿ ತಮ್ಮ ಅಭಿಪ್ರಾಯವನ್ನು ಸಮರ್ಥಿಸಿಕೊಳ್ಳುವ ಸಾಮರ್ಥ್ಯದ ಮಾತಿದೆ. ಅದೇ ಸ್ತರದ ಗುಣಕೋಷ್ಟಕದಲ್ಲಿ ಪದಗಳಿಗಾಗಿ ಎದ್ದುಕಾಣುವಷ್ಟು ತಡಕಾಡದಿರುವುದು, ಕೆಲವಾದರೂ ಸಂಕೀರ್ಣ ವಾಕ್ಯರಚನೆಗಳನ್ನು ಬಳಸುವುದು, ಅಪಾರ್ಥಕ್ಕೆ ಎಡೆಗೊಡುವ ತಪ್ಪುಗಳನ್ನು ಮಾಡದಿರುವುದು, ಮಾಡಿದ ಬಹುತೇಕ ತಪ್ಪುಗಳನ್ನು ತಾವೇ ತಿದ್ದಿಕೊಳ್ಳುವುದು ಎಂಬ ನಿಬಂಧನೆಗಳಿವೆ. ಮೊದಲನೆಯದನ್ನು ಮಾತ್ರ ಓದಿದವರು ಚರ್ಚೆಯೊಂದರಲ್ಲಿ ಹೇಗೋ ಪಾರಾದ ನೆನಪನ್ನೇ ಬಿ2 ಎಂದು ಗುರುತಿಸಿಕೊಂಡರೆ ಅದು ಅವರ ಅಹಂಭಾವವಲ್ಲ. ಕೋಷ್ಟಕವೇ ಅವರಿಂದ ಬೇರೆ ಏನನ್ನೂ ಕೇಳಿಲ್ಲ.

ಈ ವಾಕ್ಯಗಳು ಹುಟ್ಟಿದ ಬಗೆಯನ್ನೂ ಇಲ್ಲಿ ಗಮನಿಸಬೇಕು. ಬ್ರಯನ್ ನಾರ್ತ್ ಮತ್ತು ಸಂಗಡಿಗರು 1993ರಿಂದ 1996ರವರೆಗೆ ಸ್ವಿಟ್ಜರ್ಲೆಂಡಿನಲ್ಲಿ ನಡೆಸಿದ ಯೋಜನೆಯಲ್ಲಿ ಸುಮಾರು 300 ಶಿಕ್ಷಕರು ಸುಮಾರು 2800 ವಿದ್ಯಾರ್ಥಿಗಳನ್ನು ಕುರಿತು ನೀಡಿದ ತೀರ್ಪುಗಳನ್ನು ರಾಶ್ ಮಾದರಿಯ ಮೂಲಕ ವಿಶ್ಲೇಷಿಸಿ, ವಿವರಣವಾಕ್ಯಗಳನ್ನು ಒಂದೇ ಅಳತೆಗೋಲಿನ ಮೇಲೆ ಇಡಲಾಯಿತು. ಹೀಗಾಗಿ ಒಂದು ವಾಕ್ಯ ‘ಬಿ2’ ಎಂದರೆ, ಆ ಶಿಕ್ಷಕರ ಗ್ರಹಿಕೆಯಲ್ಲಿ ಅದು ಅಷ್ಟು ಕಠಿಣ ಎಂದರ್ಥ. ಇದು ಭಾಷಾರ್ಜನೆಯ ಹಂತಗಳ ಪ್ರಾಯೋಗಿಕ ವಿವರಣೆಯಲ್ಲ ಎಂಬ ಆಕ್ಷೇಪವನ್ನು ಗ್ಲೆನ್ ಫುಲ್ಚರ್ 2004ರಲ್ಲೂ ಯಾನ್ ಹುಲ್‌ಸ್ಟೈನ್ 2007ರಲ್ಲೂ ಎತ್ತಿದ್ದಾರೆ. ನಮ್ಮ ಆಕ್ಷೇಪ ಇದಕ್ಕಿಂತ ಕಿರಿದು. ಶಿಕ್ಷಕರು ವಾಕ್ಯವೊಂದಕ್ಕೆ ಅಂಕ ಕೊಡುವಾಗ ಅವರ ಮನಸ್ಸಿನಲ್ಲಿ ಹಲವಾರು ವಿದ್ಯಾರ್ಥಿಗಳ ಹೋಲಿಕೆ ಇರುತ್ತದೆ, ಗುಣದ ಅಳತೆಯೂ ಮೌನವಾಗಿ ಕೆಲಸ ಮಾಡುತ್ತಿರುತ್ತದೆ. ಅದೇ ವಾಕ್ಯ ಉತ್ತಮ ಪುರುಷಕ್ಕೆ ತಿರುಗಿದೊಡನೆ ಆ ಹೋಲಿಕೆಯೂ ಆ ಅಳತೆಯೂ ಕಳಚಿಬೀಳುತ್ತವೆ. ಉಳಿಯುವುದು ಕ್ರಿಯಾಪದ ಮಾತ್ರ.

2. ‘ಬಲ್ಲೆ’, ‘ಬರುತ್ತದೆ’, ‘ಆಗುತ್ತದೆ’, ‘ಆಯಿತು’

ಆ ಕ್ರಿಯಾಪದವನ್ನು ಕನ್ನಡದಲ್ಲಿ ನಿಂತು ನೋಡಿದರೆ ಸಮಸ್ಯೆ ಸ್ಪಷ್ಟವಾಗುತ್ತದೆ. ಇಂಗ್ಲಿಷ್ ಮತ್ತು ಜರ್ಮನ್ ಆವೃತ್ತಿಗಳು ಸಾಮರ್ಥ್ಯವನ್ನು ಒಂದೇ ಸಹಾಯಕ ಕ್ರಿಯಾಪದದಿಂದ ಸೂಚಿಸುತ್ತವೆ. ಕನ್ನಡ ಭಾಷಿಕರು ಅದೇ ಮಾತನ್ನು ಹೇಳಬೇಕಾದಾಗ ಆಯ್ಕೆ ಮಾಡಲೇಬೇಕು. ‘ನನಗೆ ಜರ್ಮನ್ ಬರುತ್ತದೆ’ ಎಂಬುದು ಕಲಿತು ಉಳಿದ ವಿದ್ಯೆಯನ್ನು ಹೇಳುತ್ತದೆ. ‘ಜರ್ಮನ್ ಮಾತನಾಡಬಲ್ಲೆ’ ಎಂಬುದು ಸಂದರ್ಭಕ್ಕೆ ಕಟ್ಟುಬೀಳದ, ಸ್ಥಿರವಾದ ಸಾಮರ್ಥ್ಯದ ಘೋಷಣೆ. ‘ನನಗೆ ಮಾತನಾಡಲು ಆಗುತ್ತದೆ’ ಎಂಬಲ್ಲಿ ಚತುರ್ಥಿಯ ಅನುಭವಿ ಕರ್ತೃವಿದ್ದು, ಸಂದರ್ಭ ಒದಗಿಬಂದರೆ ಎಂಬ ಧ್ವನಿ ಇದೆ. ಇವು ಒಂದರ ಬದಲಿಗೆ ಒಂದು ನಿಲ್ಲುವ ಪರ್ಯಾಯಗಳಲ್ಲ. ‘ಇವತ್ತು ಗಂಟಲು ಕಟ್ಟಿದೆ, ಮಾತನಾಡಲು ಆಗುವುದಿಲ್ಲ’ ಎನ್ನುವವರು ‘ಮಾತನಾಡಬಲ್ಲೆ’ ಎಂಬುದನ್ನು ಅಲ್ಲಗಳೆಯುವುದಿಲ್ಲ.

ಸ್ವ-ಮೌಲ್ಯಮಾಪನಕ್ಕೆ ಹೆಚ್ಚು ಉಪಯುಕ್ತವಾದುದು ನಾಲ್ಕನೆಯ ರೂಪ. ‘ನನಗೆ ಆ ವರದಿಯನ್ನು ಓದಲು ಆಯಿತು’ ಎಂದರೆ ಓದಿಯಾಗಿದೆ ಎಂದೇ ಅರ್ಥ. ‘ಓದಲು ಆಯಿತು, ಆದರೆ ಓದಲಿಲ್ಲ’ ಎಂಬ ವಾಕ್ಯ ಕಿವಿಗೆ ವಿರುದ್ಧೋಕ್ತಿಯಾಗಿ ಕೇಳುತ್ತದೆ. ಭೂತಕಾಲದಲ್ಲಿ ಸಾಮರ್ಥ್ಯವಾಚಕವು ಘಟನೆಯೊಂದರ ಸಂಭವವನ್ನು ಅನಿವಾರ್ಯವಾಗಿ ಸೂಚಿಸುವ ಈ ಗುಣ ಬೇರೆ ಭಾಷೆಗಳಲ್ಲೂ ಚರ್ಚಿತವಾಗಿದೆ. ಅದನ್ನು ನಾವು ಒಂದು ವಿಧಾನವನ್ನಾಗಿ ಬಳಸಬಹುದು: ಕೋಷ್ಟಕದ ಪ್ರತಿ ‘ಬಲ್ಲೆ’ಯನ್ನೂ ‘ಆಯಿತು’ ಎಂದು ತಿರುಗಿಸಿ ಓದುವುದು, ವಾಕ್ಯಕ್ಕೆ ಒಂದು ದಿನಾಂಕ, ಒಂದು ಪಠ್ಯ ಅಥವಾ ಒಬ್ಬ ಸಂವಾದಿ, ದೊರೆತ ನೆರವು ಯಾವುದು ಎಂಬ ವಿವರ, ಇವು ಮೂರನ್ನೂ ಸೇರಿಸುವುದು. ಸೇರಿಸಲಾಗದಿದ್ದರೆ ಆ ಮನೆಗೆ ಗುರುತು ಬೀಳಬಾರದು.

ಇದು ಸಿಇಎಫ್ಆರ್‌ನ ಆಶಯಕ್ಕೆ ವಿರುದ್ಧವಾದುದಲ್ಲ. ದೊಡ್ಡ ಪರಿಣಾಮಗಳು ಅವಲಂಬಿಸಿರದ ಸಂದರ್ಭದಲ್ಲಿ ಸ್ವ-ಮೌಲ್ಯಮಾಪನವು ಪರೀಕ್ಷೆಗೆ ಪೂರಕವಾಗಬಲ್ಲದು, ಸ್ಪಷ್ಟ ವಿವರಣವಾಕ್ಯಗಳಿಗೆ ಅಥವಾ ನಿರ್ದಿಷ್ಟ ಅನುಭವವೊಂದಕ್ಕೆ ಜೋಡಿಸಿದಾಗ ಅದರ ನಿಖರತೆ ಹೆಚ್ಚುತ್ತದೆ ಎಂದು ಆ ಗ್ರಂಥದ ಒಂಬತ್ತನೆಯ ಅಧ್ಯಾಯವೇ ಹೇಳುತ್ತದೆ. ಕೋಷ್ಟಕವು ಮೊದಲ ಶರತ್ತನ್ನು ಪೂರೈಸಿ ಎರಡನೆಯದನ್ನು ಬಿಟ್ಟುಕೊಟ್ಟಿದೆ. ಹದಿನಾಲ್ಕು ಯುರೋಪಿಯನ್ ಭಾಷೆಗಳಿಗೆ ರೂಪಿಸಿದ ಡಯಾಲಾಂಗ್ ವ್ಯವಸ್ಥೆ ಈ ಕೊರತೆಯನ್ನು ಭಾಗಶಃ ತುಂಬಿತ್ತು. ಅಲ್ಲಿ ನಿಜಪದಗಳನ್ನೂ ಕಟ್ಟುಪದಗಳನ್ನೂ ಬೆರೆಸಿದ ಪದಪರೀಕ್ಷೆ ಮೊದಲು, ಸ್ವ-ಮೌಲ್ಯಮಾಪನ ಅನಂತರ, ಪರೀಕ್ಷೆ ಕೊನೆಗೆ. ಎರಡರ ಫಲಿತಾಂಶ ಬೇರೆಯಾದಾಗ ಏಕೆ ಬೇರೆಯಾಗಿರಬಹುದು ಎಂಬ ವಿವರಣೆಯೂ ದೊರೆಯುತ್ತಿತ್ತು. ಆದರೆ ಮಾತಿನ ಕೌಶಲ ಅದರ ವ್ಯಾಪ್ತಿಯಲ್ಲಿರಲಿಲ್ಲ. ಬಿ1–ಬಿ2 ಗಡಿಯಲ್ಲಿ ತೊಡಕು ದಟ್ಟವಾಗಿರುವುದು ಅಲ್ಲಿಯೇ.

3. ಒಂದು ನಿದರ್ಶನ

ವಾದವನ್ನು ಪರೀಕ್ಷಿಸಲು ಒಂದು ಕಲ್ಪಿತ ನಿದರ್ಶನವನ್ನು ಕಟ್ಟಿಕೊಳ್ಳೋಣ. ಬೆಂಗಳೂರಿನ ಶುಶ್ರೂಷಕಿಯೊಬ್ಬರು ಜರ್ಮನಿಯಲ್ಲಿ ಕೆಲಸಕ್ಕೆ ಹೋಗಲು ಸಿದ್ಧತೆ ನಡೆಸಿದ್ದಾರೆ. ಅಲ್ಲಿ ಶುಶ್ರೂಷಾ ವೃತ್ತಿಯ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಸ್ತರದ ಜರ್ಮನ್ ಬೇಕು. ಅವರ ಮಾತೃಭಾಷೆ ಕನ್ನಡ, ವ್ಯಾಸಂಗದ ಭಾಷೆ ಇಂಗ್ಲಿಷ್. 45 ನಿಮಿಷಗಳ 400 ಪಾಠಾವಧಿಗಳನ್ನು ಮುಗಿಸಿ ಬಿ1 ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ. ಮೂರು ತಿಂಗಳಲ್ಲಿ ಬಿ2 ಬರೆಯಬೇಕೆಂಬುದು ಅವರ ಆಸೆ. ಕೋಷ್ಟಕವನ್ನು ತುಂಬುವಾಗ ಬರಹವೊಂದಕ್ಕೆ ಬಿ1 ಎಂದೂ ಉಳಿದ ನಾಲ್ಕಕ್ಕೂ ಬಿ2 ಎಂದೂ ಗುರುತು ಹಾಕುತ್ತಾರೆ. ಈಗ ಪ್ರತಿ ಗುರುತನ್ನೂ ‘ಆಯಿತು’ ರೂಪಕ್ಕೆ ತಿರುಗಿಸುತ್ತೇವೆ.

ಆಲಿಸುವಿಕೆಯಲ್ಲಿ ಅವರು ಆಧಾರವಾಗಿ ಕೊಡುವುದು ಡಾಯ್ಚೆ ವೆಲ್ಲೆಯ ನಿಧಾನಗತಿಯ ವಾರ್ತೆಗಳನ್ನು. ಪಠ್ಯವನ್ನು ಮುಂದಿಟ್ಟುಕೊಂಡು ದಿನವೂ ಕೇಳುತ್ತಾರೆ, ಎಲ್ಲವೂ ತಿಳಿಯುತ್ತದೆ. ಆದರೆ ಮಾತು ತಕ್ಕಮಟ್ಟಿಗೆ ನಿಧಾನವೂ ಸ್ಪಷ್ಟವೂ ಆಗಿದ್ದಾಗ ಕಾರ್ಯಕ್ರಮದ ಮುಖ್ಯಾಂಶವನ್ನು ಹಿಡಿಯುವುದು ಬಿ1 ಮನೆಯ ಮಾತು. ಬಿ2 ಮನೆಯಲ್ಲಿ ಆ ಶರತ್ತು ಇಲ್ಲ. ಅವರು ಸಂಜೆಯ ಹದಿನೈದು ನಿಮಿಷಗಳ ‘ಟಾಗೆಸ್‌ಷೌ’ ವಾರ್ತೆಯನ್ನು ಪಠ್ಯವಿಲ್ಲದೆ ಒಮ್ಮೆ ಕೇಳಿ, ಪ್ರತಿ ಸುದ್ದಿಯಲ್ಲೂ ಯಾರು ಏನನ್ನು ಏಕೆ ಆಕ್ಷೇಪಿಸಿದರು ಎಂಬುದನ್ನು ಬರೆದುಕೊಂಡಾಗ ವಿಷಯಗಳು ದಕ್ಕಿವೆ, ವಾದಗಳು ದಕ್ಕಿಲ್ಲ. ಗುರುತು ಬಿ1ಕ್ಕೆ ಇಳಿಯುತ್ತದೆ. ಇಲ್ಲಿ ತಪ್ಪಿದ್ದು ಜ್ಞಾನದ ಅಂದಾಜಲ್ಲ, ಶರತ್ತಿನ ಓದು. ಬಿ1 ವಾಕ್ಯಗಳಲ್ಲಿ ಉಪವಾಕ್ಯವಾಗಿ ಬರುವ ‘ನಿಧಾನವಾಗಿದ್ದರೆ’, ‘ಪರಿಚಿತವಾಗಿದ್ದರೆ’ ಎಂಬ ನಿಬಂಧನೆಗಳೇ ವಾಸ್ತವದಲ್ಲಿ ಸ್ತರವನ್ನು ನಿರ್ಧರಿಸುವ ಭಾಗ. ಓದುವವರ ಕಣ್ಣು ಮಾತ್ರ ಪ್ರಧಾನ ವಾಕ್ಯದ ಮೇಲೆ ನಿಲ್ಲುತ್ತದೆ.

ಸಂವಾದಕ್ಕೆ ಆಧಾರ ತರಗತಿಯ ಜೋಡಿ ಚರ್ಚೆಗಳು. ಎದುರಿಗಿರುವವರು ಅದೇ ಪಠ್ಯಪುಸ್ತಕ ಓದಿದ, ಅದೇ ಇಂಗ್ಲಿಷ್ ಹಿನ್ನೆಲೆಯ ಸಹಪಾಠಿಗಳು. ಪದ ಸಿಗದಿದ್ದಾಗ ಇಂಗ್ಲಿಷ್ ಪದವೊಂದು ಸದ್ದಿಲ್ಲದೆ ಸೇತುವೆಯಾಗುತ್ತದೆ. 2001ರ ಕೋಷ್ಟಕ ಬಿ2 ಸಂವಾದಕ್ಕೆ ‘ಸ್ಥಳೀಯ ಭಾಷಿಕ’ರನ್ನು ಅಳತೆಯಾಗಿ ಇಟ್ಟಿತ್ತು, ಅನುಬಂಧ ಸಂಪುಟವು ಆ ಪದವನ್ನು ಸಕಾರಣವಾಗಿ ಕೈಬಿಟ್ಟಿದೆ. ಆದರೂ ಕಲಿಯುವವರ ದುರ್ಬಲತೆಗಳನ್ನು ಹಂಚಿಕೊಳ್ಳದ ಸಂವಾದಿ ಬೇಕೆಂಬ ಅಂಶ ಉಳಿಯುತ್ತದೆ. ಅಂಥ ಸಂವಾದಿಯೊಡನೆ ನಡೆದ ಒಂದೂ ಘಟನೆ ಇಲ್ಲವಾದ್ದರಿಂದ ಈ ಮನೆಯನ್ನು ಬಿ1 ಎಂದಲ್ಲ, ‘ಆಧಾರವಿಲ್ಲ’ ಎಂದು ಗುರುತಿಸುವುದೇ ಸರಿ. ಕೋಷ್ಟಕದಲ್ಲಿ ಇಂಥ ಆಯ್ಕೆಯೇ ಇಲ್ಲದಿರುವುದು ಅದರ ವಿನ್ಯಾಸದೋಷಗಳಲ್ಲೊಂದು.

ನಿರೂಪಣೆಯ ಪ್ರಸಂಗ ಭಾಷಾವಿಜ್ಞಾನಿಗಳಿಗೆ ಹೆಚ್ಚು ಕುತೂಹಲಕರ. ತಮ್ಮ ಕೆಲಸದ ಒಂದು ದಿನವನ್ನು ಕುರಿತು ಅವರು ಮೂರು ನಿಮಿಷ ಮಾತನಾಡಿ ಧ್ವನಿಮುದ್ರಿಸುತ್ತಾರೆ. ಲಿಪ್ಯಂತರದಲ್ಲಿ ತಪ್ಪುಗಳು ಬಹಳ ಕಡಿಮೆ. ಸ್ವ-ಮೌಲ್ಯಮಾಪಕರು ಹುಡುಕುವುದು ತಪ್ಪುಗಳನ್ನೇ. ತಪ್ಪಿಲ್ಲವೆಂದರೆ ಮೇಲಿನ ಸ್ತರ ಎನಿಸುವುದು ಸಹಜ. ಆದರೆ ಆ ಲಿಪ್ಯಂತರದಲ್ಲಿ ಸಂಬಂಧಿ ಉಪವಾಕ್ಯ ಒಂದೂ ಇಲ್ಲ. ‘ನಾನು ನೋಡಿದ ರೋಗಿಗೆ ಜ್ವರವಿತ್ತು’ ಎನ್ನಬೇಕಾದಲ್ಲಿ ಅವರು ‘ಇಷ್ ಹಾಬೆ ಐನೆನ್ ಪಾಟ್ಸಿಯೆಂಟೆನ್ ಗೆಸೇಯೆನ್. ಎರ್ ಹಾಟೆ ಫೀಬರ್’ ಎಂದು ಎರಡು ವಾಕ್ಯಗಳಾಗಿ ಒಡೆದಿದ್ದಾರೆ. ಒಂದೇ ವಾಕ್ಯವಾಗಿ ಹೇಳಲು ‘ಡೆರ್ ಪಾಟ್ಸಿಯೆಂಟ್, ಡೇನ್ ಇಷ್ ಗೆಸೇಯೆನ್ ಹಾಬೆ, ಹಾಟೆ ಫೀಬರ್’ ಎನ್ನಬೇಕಿತ್ತು. ಕನ್ನಡದಲ್ಲಿ ‘ನೋಡಿದ’ ಎಂಬ ಕೃದಂತ ವಿಶೇಷಣವು ನಾಮಪದದ ಹಿಂದೆ ನಿಂತು, ಸಂಬಂಧಿ ಸರ್ವನಾಮದ ಗೊಡವೆಯಿಲ್ಲದೆ ಕೆಲಸ ಮುಗಿಸುತ್ತದೆ. ಜರ್ಮನ್ನಿನಲ್ಲಿ ಉಪವಾಕ್ಯ ನಾಮಪದದ ಮುಂದೆ ಬರುತ್ತದೆ. ‘ಡೇನ್’ ಎಂಬ ಸರ್ವನಾಮ ತನ್ನ ಲಿಂಗವನ್ನು ಹಿಂದಿನ ನಾಮಪದದಿಂದಲೂ ವಿಭಕ್ತಿಯನ್ನು ತನ್ನದೇ ಉಪವಾಕ್ಯದಿಂದಲೂ ಪಡೆಯುತ್ತದೆ. ಮಾತಿನ ವೇಗದಲ್ಲಿ ಈ ಎರಡು ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವುದಕ್ಕಿಂತ ವಾಕ್ಯವನ್ನು ಒಡೆಯುವುದು ಸುಲಭ.

ಜಾಕ್ವೆಲಿನ್ ಷಾಕ್ಟರ್ 1974ರಲ್ಲಿ ತೋರಿಸಿದ್ದು ಇದನ್ನೇ. ನಾಮಪದಕ್ಕೆ ಮೊದಲು ಸಂಬಂಧಿ ಉಪವಾಕ್ಯ ಬರುವ ಚೀನೀ ಮತ್ತು ಜಪಾನೀ ಭಾಷಿಕರು ಇಂಗ್ಲಿಷ್ ಬರಹದಲ್ಲಿ ಪಾರಸಿ, ಅರಬ್ಬೀ ಭಾಷಿಕರಿಗಿಂತ ಕಡಿಮೆ ತಪ್ಪು ಮಾಡಿದ್ದರು. ಏಕೆಂದರೆ ಅವರು ಆ ರಚನೆಯನ್ನೇ ಕಡಿಮೆ ಬಳಸಿದ್ದರು. ಪರಿಹರಣೆಯು ತಪ್ಪನ್ನು ಮರೆಮಾಡುತ್ತದೆ. ರಚನಾಪ್ರಕಾರದಲ್ಲಿ ಕನ್ನಡವೂ ಆ ಮೊದಲ ಗುಂಪಿಗೆ ಸೇರುವುದರಿಂದ ಕನ್ನಡ ಭಾಷಿಕರಲ್ಲಿ ಇಂಥ ಪರಿಹರಣೆಯನ್ನು ನಿರೀಕ್ಷಿಸಲು ಕಾರಣವಿದೆ. ಇದಕ್ಕೆ ಪ್ರತಿಯಾಗಿ, ಜರ್ಮನ್ ಲಿಖಿತ ಶೈಲಿಯ ‘ಡೀ ಗೆಸ್ಟರ್ನ್ ಔಫ್‌ಗೆನೊಮೆನೆ ಪಾಟ್ಸಿಯೆಂಟಿನ್’ ಎಂಬ ದೀರ್ಘ ವಿಶೇಷಣವು ‘ನಿನ್ನೆ ದಾಖಲಾದ ರೋಗಿ’ ಎಂಬ ಕನ್ನಡದ ಪದಕ್ರಮವನ್ನೇ ಅನುಸರಿಸುತ್ತದೆ. ಇಂಗ್ಲಿಷ್ ಮಾತೃಭಾಷಿಕರಿಗೆ ತೊಡಕಾಗುವ ಈ ರಚನೆ ಕನ್ನಡಿಗರಿಗೆ ಓದಿನಲ್ಲಾದರೂ ಪರಿಚಿತವೆನಿಸಬಹುದು ಎಂಬುದು ಪರೀಕ್ಷಿಸಬೇಕಾದ ಊಹೆ. ಭಾಷಾನಿರಪೇಕ್ಷವಾಗಿ ರಚಿತವಾದ ಕೋಷ್ಟಕ ಇಂಥ ಏರುಪೇರುಗಳನ್ನು ಕಾಣಲಾರದು. ಜರ್ಮನ್ನಿಗೆಂದೇ ಸ್ತರವಾರು ಭಾಷಾಸಾಮಗ್ರಿಯನ್ನು ನಿರೂಪಿಸುವ ‘ಪ್ರೊಫೀಲೆ ಡಾಯ್ಚ್’ ಇದ್ದರೂ ಅದೂ ಕಲಿಯುವವರ ಮಾತೃಭಾಷೆಯನ್ನು ಆಧರಿಸಿದ್ದಲ್ಲ.

ಓದಿನ ಗುರುತು ಮಾತ್ರ ಉಳಿಯುತ್ತದೆ. ಆಸ್ಪತ್ರೆಗಳಲ್ಲಿ ಸಿಬ್ಬಂದಿ ಕೊರತೆಯನ್ನು ಕುರಿತ ಪತ್ರಿಕಾ ಲೇಖನವೊಂದನ್ನು ನಿಘಂಟಿಲ್ಲದೆ ಓದಿ, ಲೇಖಕರ ನಿಲುವನ್ನು ಅವರು ಸರಿಯಾಗಿ ಗುರುತಿಸಿದ್ದಾರೆ. ವೈದ್ಯಕೀಯ ವಿಷಯವೂ ಇಂಗ್ಲಿಷಿನ ಸಜಾತಿ ಪದಗಳೂ ನೆರವಾಗಿರುವುದರಿಂದ ವೃತ್ತಿಗೆ ಸಂಬಂಧಿಸದ ಇನ್ನೊಂದು ಲೇಖನದಲ್ಲಿ ಇದನ್ನು ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕು. ಅಂತಿಮ ಚಿತ್ರ ಹೀಗಿದೆ: ಓದು ಬಿ2, ಆಲಿಸುವಿಕೆ ಬಿ1, ನಿರೂಪಣೆ ಬಿ1, ಬರಹ ಬಿ1, ಸಂವಾದಕ್ಕೆ ಆಧಾರವಿಲ್ಲ. ‘ನಾನು ಬಿ2ರ ಹತ್ತಿರವಿದ್ದೇನೆ’ ಎಂಬ ಒಂದೇ ಮಾತಿನ ಜಾಗದಲ್ಲಿ ಈಗ ಐದು ಬೇರೆ ಬೇರೆ ಉತ್ತರಗಳಿವೆ.

4. ಮುಂದಿನ ಸ್ತರ ಎಷ್ಟು ದೂರ?

ಆರು ಸ್ತರಗಳು ಪುಟದ ಮೇಲೆ ಸಮಾನ ಎತ್ತರದ ಮೆಟ್ಟಿಲುಗಳಂತೆ ಕಾಣುತ್ತವೆ. ಸಿಇಎಫ್ಆರ್ ಗ್ರಂಥವೇ ಈ ಭ್ರಮೆಯ ವಿರುದ್ಧ ಎಚ್ಚರಿಸಿದೆ. ಎ2ರಿಂದ ಬಿ1ಕ್ಕೆ ತಗುಲಿದ ಕಾಲದ ಎರಡು ಪಟ್ಟಿಗೂ ಹೆಚ್ಚು ಕಾಲ ಬಿ1ರಿಂದ ಬಿ2ಕ್ಕೆ ಬೇಕಾಗಬಹುದೆಂದೂ, ಏರಿದಂತೆಲ್ಲ ಕಾರ್ಯಗಳ ಮತ್ತು ಭಾಷೆಯ ಹರವು ಅಗಲವಾಗುತ್ತ ಹೋಗುವುದೇ ಇದಕ್ಕೆ ಕಾರಣವೆಂದೂ ಅದು ಹೇಳುತ್ತದೆ. ಅಲ್ಲಿ ಬಳಸಿದ ಹೋಲಿಕೆ ಏಣಿಯದಲ್ಲ, ಮೇಲೆ ಅಗಲವಾಗುವ ಐಸ್‌ಕ್ರೀಮ್ ಕೋನಿನದು.

ನಮ್ಮ ನಿದರ್ಶನಕ್ಕೆ ಇದನ್ನು ಅನ್ವಯಿಸೋಣ. ಗಯಟೆ ಇನ್‌ಸ್ಟಿಟ್ಯೂಟ್ ಬಿ1ಕ್ಕೆ 350ರಿಂದ 650, ಬಿ2ಕ್ಕೆ 600ರಿಂದ 800 ಪಾಠಾವಧಿಗಳನ್ನು ಮಾರ್ಗದರ್ಶಕ ಅಂದಾಜಾಗಿ ನೀಡುತ್ತದೆ. ಇವು ಆರಂಭದಿಂದ ಎಣಿಸಿದ ಒಟ್ಟು ಮೊತ್ತಗಳು. 400 ಅವಧಿಗಳನ್ನು ಮುಗಿಸಿದವರಿಗೆ ಇನ್ನೂ 200ರಿಂದ 400 ಅವಧಿಗಳು ಉಳಿದಿವೆ. ವಾರಕ್ಕೆ ಎಂಟು ಅವಧಿಗಳ ತರಗತಿಯಾದರೆ ಅದು 25ರಿಂದ 50 ವಾರಗಳು. ಮೂರು ತಿಂಗಳಲ್ಲಿ ಮುಗಿಯುವುದು ಸುಮಾರು 96 ಅವಧಿಗಳು ಮಾತ್ರ. ಈ ಅಂಕಿಗಳು ಸರಾಸರಿಯ ಸೂಚಕಗಳೇ ಹೊರತು ವ್ಯಕ್ತಿಯೊಬ್ಬರ ಭವಿಷ್ಯವಲ್ಲ. ಆದರೂ ಆಸೆಗೂ ದೂರಕ್ಕೂ ಇರುವ ಅನುಪಾತವನ್ನು ಅವು ಸ್ಪಷ್ಟಪಡಿಸುತ್ತವೆ.

ಹಾಗಾದರೆ ಹನ್ನೆರಡು ವಾರಗಳಿಗೆ ತಕ್ಕ ಗುರಿ ಯಾವುದು? ಕೋಷ್ಟಕದಲ್ಲಿ ಕಾಣಿಸದ, ಆದರೆ ಸಿಇಎಫ್ಆರ್‌ನ ಅಳತೆಗೋಲಿನಲ್ಲಿ ಇರುವ ಬಿ1+ ಎಂಬ ನಡುಹಂತವೇ ಇದಕ್ಕೆ ಉತ್ತರ. ಲೇಖನ, ಭಾಷಣ ಅಥವಾ ಸಂದರ್ಶನವೊಂದರ ಸಾರವನ್ನು ಹೇಳಿ ಅಭಿಪ್ರಾಯ ಸೇರಿಸುವುದು, ಸಿದ್ಧತೆ ಮಾಡಿಕೊಂಡ ಸಂದರ್ಶನವನ್ನು ನಡೆಸಿ ಮಾಹಿತಿಯನ್ನು ಖಚಿತಪಡಿಸಿಕೊಳ್ಳುವುದು, ಕೆಲಸವೊಂದನ್ನು ಮಾಡುವ ಬಗೆಯನ್ನು ವಿವರವಾಗಿ ತಿಳಿಸುವುದು ಆ ಹಂತದ ಲಕ್ಷಣಗಳು. ಶುಶ್ರೂಷಕಿಯೊಬ್ಬರಿಗೆ ಇವು ಕೆಲಸದ ಸರದಿ ಬದಲಾಗುವಾಗ ಮಾಹಿತಿ ಹಸ್ತಾಂತರಿಸುವ, ರೋಗಿಯನ್ನು ವಿಚಾರಿಸುವ, ಔಷಧಿ ತೆಗೆದುಕೊಳ್ಳುವ ಬಗೆಯನ್ನು ತಿಳಿಸುವ ಕಾರ್ಯಗಳೇ ಆಗಿವೆ. ಈ ಮೂರರಲ್ಲಿ ಎರಡನ್ನು ಆರಿಸಿ, ಒಂದೊಂದಕ್ಕೂ ಗುಣಕೋಷ್ಟಕದಿಂದ ಒಂದು ನಿಬಂಧನೆಯನ್ನು ಸೇರಿಸಿದರೆ ಗುರಿ ಪರಿಶೀಲನಯೋಗ್ಯವಾಗುತ್ತದೆ. ಉದಾಹರಣೆಗೆ: ‘ಸಾಮಾನ್ಯ ವೇಗದ ವಾರ್ತೆಯ ಒಂದು ಸುದ್ದಿಯನ್ನು ಎರಡು ಬಾರಿ ಕೇಳಿ, ಬರೆದುಕೊಳ್ಳದೆ, ಮೂರು ನಿಮಿಷ ಅದರ ಸಾರವನ್ನು ಹೇಳಲು ಆಯಿತು, ಅದರಲ್ಲಿ ಕನಿಷ್ಠ ಎರಡು ಸಂಬಂಧಿ ಉಪವಾಕ್ಯಗಳಿದ್ದವು.’

ಪ್ರಗತಿಯನ್ನು ನೋಡುವಾಗ ಒಮ್ಮೆಗೆ ಒಂದೇ ಶರತ್ತನ್ನು ಬದಲಿಸಬೇಕು. ಮೊದಲು ಪಠ್ಯವನ್ನು ತೆಗೆದುಹಾಕುವುದು, ಅನಂತರ ವೇಗ, ಅನಂತರ ವಿಷಯದ ಪರಿಚಿತತೆ, ಕೊನೆಗೆ ಸಂವಾದಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿ ಸೋತಾಗ ಸೋಲಿನ ಕಾರಣ ತಿಳಿಯದು. ಒಂದೇ ವಿಷಯದ ಮೇಲೆ ಪುನಃ ಪುನಃ ಮಾತನಾಡಿದರೆ ಬಾಯಿಪಾಠವೇ ಪ್ರಗತಿಯಂತೆ ಕಾಣುವುದರಿಂದ ವಿಷಯ ಪ್ರತಿ ಬಾರಿಯೂ ಹೊಸದಾಗಿರಬೇಕು. ಒಂದು ವಾರದ ಎಣಿಕೆಯಿಂದ ತೀರ್ಮಾನಕ್ಕೆ ಬರಬಾರದು. ಮೂರು ಹೊಸ ವಿಷಯಗಳಲ್ಲಿ ಅದೇ ಫಲ ದೊರೆತರೆ ಮಾತ್ರ ‘ಆಯಿತು’ ಎಂಬುದು ‘ಬಲ್ಲೆ’ಯ ಕಡೆಗೆ ಸರಿದಿದೆ ಎನ್ನಬಹುದು. ಸಂಬಂಧಿ ಉಪವಾಕ್ಯಗಳನ್ನು ಬಳಸತೊಡಗಿದಾಗ ತಪ್ಪುಗಳು ಮೊದಲು ಹೆಚ್ಚುತ್ತವೆ. ಇದನ್ನು ಹಿಂಜರಿತವೆಂದು ಬಗೆದು ಸರಳ ವಾಕ್ಯಗಳಿಗೆ ಮರಳುವುದೇ ಬಿ1ರಲ್ಲಿ ದೀರ್ಘಕಾಲ ನಿಂತುಬಿಡುವ ದಾರಿ.

ಪರೀಕ್ಷೆಯ ವಿನ್ಯಾಸವನ್ನೂ ಈ ಯೋಜನೆಗೆ ಹೊಂದಿಸಿಕೊಳ್ಳಬಹುದು. ಗಯಟೆ ಬಿ2 ಪರೀಕ್ಷೆಯ ನಾಲ್ಕು ಭಾಗಗಳನ್ನು ಬೇರೆ ಬೇರೆಯಾಗಿಯೂ ಬರೆಯಬಹುದು. ಪ್ರತಿ ಭಾಗದಲ್ಲೂ ನೂರಕ್ಕೆ 60 ಅಂಕ ಬೇಕು. ಏರುಪೇರಾದ ಚಿತ್ರವುಳ್ಳವರು ಓದಿನ ಭಾಗವನ್ನು ಮೊದಲೇ ಮುಗಿಸಿ, ಉಳಿದ ಕಾಲವನ್ನು ಆಲಿಸುವಿಕೆ ಮತ್ತು ಮಾತಿಗೆ ಮೀಸಲಿಡಬಹುದು. ‘ಬಿ2ರ ಹತ್ತಿರ’ ಎಂಬ ಒಟ್ಟಾರೆ ಅಂದಾಜಿನಿಂದ ಈ ನಿರ್ಧಾರಕ್ಕೆ ಬರಲಾಗುವುದಿಲ್ಲ.

5. ವಿಧಾನದ ಮಿತಿಗಳು ಮತ್ತು ಕನ್ನಡಕ್ಕೆ ಒಂದು ಸೂಚನೆ

ನಾವು ಸೂಚಿಸಿದ ಕ್ರಮ ಆತ್ಮವಂಚನೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಅಳತೆಗೋಲಾಗುವುದಿಲ್ಲ. ಸ್ವಂತ ಲಿಪ್ಯಂತರದಲ್ಲಿ ತಮಗೆ ತಿಳಿಯದ ತಪ್ಪನ್ನು ಯಾರೂ ಕಾಣಲಾರರು. ಸ್ಟೀವನ್ ರಾಸ್ 1998ರಲ್ಲಿ ನಡೆಸಿದ ಸಮಗ್ರ ವಿಶ್ಲೇಷಣೆಯಲ್ಲಿ ಸ್ವ-ಮೌಲ್ಯಮಾಪನವು ಪರೀಕ್ಷಾ ಫಲಿತಾಂಶದೊಡನೆ ಗ್ರಹಣಕೌಶಲಗಳಲ್ಲಿ ಹೆಚ್ಚಾಗಿಯೂ ಮಾತು-ಬರಹಗಳಲ್ಲಿ ಕಡಿಮೆಯಾಗಿಯೂ ತಾಳೆಯಾಗಿತ್ತು. ಆದ್ದರಿಂದ ನಿರೂಪಣೆ ಮತ್ತು ಬರಹಗಳಲ್ಲಿ ಹೊರಗಿನ ಓದುಗರೊಬ್ಬರ ಕಣ್ಣು ಅನಿವಾರ್ಯ. ಎರಡನೆಯ ಕೋಷ್ಟಕವನ್ನು ಮುದ್ರಿಸುವವರು ಅದರೊಡನೆ ಮೂರನೆಯದನ್ನೂ ಆಧಾರಕ್ಕೊಂದು ಅಂಕಣವನ್ನೂ ‘ಆಧಾರವಿಲ್ಲ’ ಎಂಬ ಆಯ್ಕೆಯನ್ನೂ ಸೇರಿಸುವುದು ಈ ದಿಕ್ಕಿನಲ್ಲಿ ಸಣ್ಣದಾದರೂ ಸಾಧ್ಯವಾದ ತಿದ್ದುಪಡಿ.

ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸುವವರಿಗೂ ಈ ಚರ್ಚೆ ಸಂಬಂಧಿಸಿದ್ದು. ಸಿಇಎಫ್ಆರ್ ವಾಕ್ಯಗಳನ್ನು ಕನ್ನಡಕ್ಕೆ ಅನುವಾದಿಸಿದರೆ ವಾಕ್ಯಗಳು ಬರುತ್ತವೆ, ಅವುಗಳ ಕಾಠಿಣ್ಯದ ಅಂಕನ ಬರುವುದಿಲ್ಲ. ಅದನ್ನು ಇಲ್ಲಿನ ಕಲಿಯುವವರ ಮೇಲೆ ಹೊಸದಾಗಿ ನಿರ್ಧರಿಸಬೇಕು. ಬಿ1 ಆಲಿಸುವಿಕೆಯ ಶರತ್ತಾದ ‘ಸ್ಪಷ್ಟವಾದ ಪ್ರಮಾಣಿತ ಮಾತು’ ಕನ್ನಡದಲ್ಲಿ ಯಾವುದು? ವಾರ್ತೆಯ ಗ್ರಾಂಥಿಕ ಕನ್ನಡವೋ, ಧಾರವಾಡದ ಅಥವಾ ಮೈಸೂರಿನ ಆಡುಮಾತೋ? ಮೊದಲನೆಯದನ್ನು ಓದಬಲ್ಲ, ಎರಡನೆಯದನ್ನು ಹಿಡಿಯಲಾಗದ ಕಲಿಯುವವರೂ ಇದ್ದಾರೆ, ಅದಕ್ಕೆ ತಿರುವುಮುರುವಾದವರೂ ಇದ್ದಾರೆ. ದ್ವಿಸ್ತರ ಭಾಷೆಯೊಂದಕ್ಕೆ ಒಂದೇ ಅಂಕಣದ ಆಲಿಸುವಿಕೆ ಸಾಲದು. ಮೊದಲು ಅಂಕಣವನ್ನು ಎರಡಾಗಿಸಿ, ಅನಂತರವೇ ‘ಬಲ್ಲೆ’ ಎಂಬ ಮಾತನ್ನು ಬರೆಯಬೇಕಾಗುತ್ತದೆ.